ಒದ್ದೆ ಚರ್ಮದ ಉಸಿರು

ನಾವು ದಿನನಿತ್ಯ ಕಾಣುವ ಕಪ್ಪೆಗಳಿಗೆ ಪಕ್ಕೆಲುಬುಗಳಿಲ್ಲ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯೂ ಇಲ್ಲ. ಈ ಎರಡು ಕೊರತೆಗಳನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಅವುಗಳ ಉಸಿರಾಟದ ಉಳಿದ ವೈಚಿತ್ರ್ಯಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ನಾವು ಉಸಿರೆಳೆದುಕೊಳ್ಳುವಾಗ ಪಕ್ಕೆಲುಬುಗಳು ಮೇಲೆದ್ದು ಹೊರಚಾಚುತ್ತವೆ, ವಪೆ ಕೆಳಗಿಳಿಯುತ್ತದೆ, ಎದೆಗೂಡು ಹಿಗ್ಗುತ್ತದೆ; ಒಳಗಿನ ಒತ್ತಡ ತಗ್ಗಿದೊಡನೆ ಹೊರಗಿನ ಗಾಳಿ ತಾನಾಗಿ ಒಳನುಗ್ಗುತ್ತದೆ. ಅಂದರೆ ನಾವು ಗಾಳಿಯನ್ನು ಹೀರುತ್ತೇವೆ. ಹಿಗ್ಗಿಸಲು ಎದೆಗೂಡೇ ಇಲ್ಲದ ಪ್ರಾಣಿ ಹಾಗೆ ಹೀರಲಾರದು. ಅದು ಗಾಳಿಯನ್ನು ಬಾಯಿಯಲ್ಲಿ ತುಂಬಿಕೊಂಡು ಶ್ವಾಸಕೋಶದೊಳಕ್ಕೆ ನೂಕಬೇಕು. ಕಮ್ಮಾರನ ಕುಲುಮೆಯ ತಿದಿಯನ್ನು ನೋಡಿದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ: ಕಪ್ಪೆಯ ಬಾಯಿಯ ತಳವೇ ಆ ತಿದಿ.

ಹೈದರಾಬಾದಿನ ನಮ್ಮ ಸರ್ಕಾರಿ ವಸತಿಗೃಹದ ಬಚ್ಚಲಿನಲ್ಲಿ ಕಳೆದ ಬೇಸಿಗೆಯಲ್ಲಿ ಒಂದು ಮರಗಪ್ಪೆ ಬಂದು ನೆಲೆಸಿದ್ದರಿಂದ ನನಗೆ ಈ ತಿದಿಯನ್ನು ಬಿಡುವಾಗಿ ನೋಡುವ ಅವಕಾಶ ಒದಗಿತು. ಕಂದುಬಣ್ಣದ ಮೈ, ತೊಡೆಯ ಹಿಂಬದಿಯಲ್ಲಿ ಹಳದಿ ಚುಕ್ಕೆಗಳು, ಬೆರಳತುದಿಯಲ್ಲಿ ಗೋಡೆಗೆ ಅಂಟುವ ದುಂಡು ಬಿಲ್ಲೆಗಳು. ಪಾಲಿಪೆಡೇಟ್ಸ್ ಮ್ಯಾಕ್ಯುಲೇಟಸ್ ಎಂಬ ಹೆಸರಿನ ಈ ಜಾತಿ ಭಾರತದ ಬಹುಭಾಗದಲ್ಲಿ ಸಾಮಾನ್ಯ. ಬಿಸಿಲು ಬಲಿತಾಗ ಮನೆಗಳೊಳಗೆ, ಅದರಲ್ಲೂ ಬಚ್ಚಲುಗಳೊಳಗೆ, ಬಂದು ಸೇರುವುದು ಅದರ ರೂಢಿ. ಅದನ್ನು ಮೊದಲು ಕಂಡವರು ನನ್ನ ತಂದೆ. ಅವರಿಗೆ ಎಪ್ಪತ್ತೆಂಟು ವರ್ಷ. ಲಿಂಗಸುಗೂರು ಕಡೆಯ ನಮ್ಮ ಹಳ್ಳಿಯನ್ನು ಬಿಟ್ಟು ಎರಡು ವರ್ಷಗಳಿಂದ ನಮ್ಮೊಡನಿದ್ದಾರೆ. ಶ್ವಾಸಕೋಶಗಳು ಸೋತಿರುವುದರಿಂದ ದಿನದ ಬಹುಪಾಲು ಆಮ್ಲಜನಕದ ಯಂತ್ರದ ನಳಿಗೆ ಅವರ ಮೂಗಿನಲ್ಲಿರುತ್ತದೆ. ಸ್ನಾನಕ್ಕೆ ಹೋದಾಗ ಮಾತ್ರ ಅದನ್ನು ತೆಗೆದಿಟ್ಟು, ಸ್ಟೂಲಿನ ಮೇಲೆ ಕುಳಿತು, ನಿಧಾನವಾಗಿ ಮೈತೊಳೆದುಕೊಳ್ಳುತ್ತಾರೆ. ಆ ದಿನ ಒಳಗಿನಿಂದಲೇ ನನ್ನನ್ನು ಕರೆದರು.

"ಇಲ್ಲಿ ಬಾರೋ ತಮ್ಮಾ, ಈ ಕಪ್ಪಿಗೂ ದಮ್ಮೈತೇನು ನೋಡು. ಗಂಟಲಾ ಹೆಂಗ ಬಡಕೊಳ್ಳಾಕತ್ತೈತಿ!"

ಕಪ್ಪೆಗೆ ದಮ್ಮಿರಲಿಲ್ಲ. ಆದರೆ ತಂದೆಯವರ ಕಣ್ಣಿಗೆ ಬಿದ್ದುದು ನಿಜವಾದ ಸಂಗತಿಯೇ. ಗೋಡೆಯ ಮೂಲೆಯಲ್ಲಿ ಅಲುಗಾಡದೆ ಕುಳಿತ ಆ ಜೀವದ ಗಂಟಲು ಮಾತ್ರ ಎಡೆಬಿಡದೆ ಮಿಡಿಯುತ್ತಿತ್ತು. ಗಡಿಯಾರ ಹಿಡಿದು ಎಣಿಸಿದಾಗ ನಿಮಿಷಕ್ಕೆ ನೂರರ ಆಸುಪಾಸು. ನಮ್ಮ ಉಸಿರಿನ ಲೆಕ್ಕದಲ್ಲಿ ಇದು ಪ್ರಾಣಸಂಕಟದ ವೇಗ. ಮಗಳ ಹನ್ನೊಂದನೆಯ ತರಗತಿಯ ಜೀವಶಾಸ್ತ್ರದ ಪುಸ್ತಕ ಕಪ್ಪೆಯ ಉಸಿರನ್ನು ನಾಲ್ಕಾರು ಸಾಲುಗಳಲ್ಲಿ ಮುಗಿಸಿತ್ತು: ನೀರಿನಲ್ಲಿ ಚರ್ಮದಿಂದ, ನೆಲದ ಮೇಲೆ ಬಾಯಿ, ಚರ್ಮ, ಶ್ವಾಸಕೋಶಗಳಿಂದ. ಮೂರೂ ಕೂಡಿ ಕೆಲಸವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಸಾಹಿತ್ಯ ಓದಿ ಸರ್ಕಾರಿ ಕಡತಗಳಲ್ಲಿ ದಿನ ಕಳೆಯುವ ನನಗೆ ಮುಂದಿನ ಕೆಲವು ತಿಂಗಳ ಸಂಜೆಯ ಓದಿಗೆ ಅದು ದಾರಿಯಾಯಿತು.

ಸ್ವಲ್ಪ ಹೊತ್ತು ತಾಳ್ಮೆಯಿಂದ ನೋಡಿದರೆ ಗಂಟಲಿನ ಮಿಡಿತ ಎರಡು ಬಗೆಯದೆಂದು ತಿಳಿಯುತ್ತದೆ. ಮೊದಲನೆಯದು ಮೇಲುಮೇಲಿನ, ವೇಗದ ಅದುರಾಟ. ಆಗ ಮೂಗಿನ ಹೊಳ್ಳೆಗಳು ತೆರೆದಿರುತ್ತವೆ. ಗಂಟಲಿನಿಂದ ಶ್ವಾಸಕೋಶಕ್ಕೆ ಹೋಗುವ ಸೀಳುಕಿಂಡಿ ಮುಚ್ಚಿರುತ್ತದೆ. ಬಾಯಿಯ ತಳ ಇಳಿದಾಗ ಹೊಳ್ಳೆಗಳ ಮೂಲಕ ಗಾಳಿ ಬಾಯೊಳಗೆ ಬರುತ್ತದೆ, ಏರಿದಾಗ ಅದೇ ದಾರಿಯಲ್ಲಿ ಹೊರಹೋಗುತ್ತದೆ. ಶ್ವಾಸಕೋಶಕ್ಕೆ ಇದರಲ್ಲಿ ಪಾಲಿಲ್ಲ. ಬಾಯಿಯ ಒದ್ದೆ ಒಳಪದರದಲ್ಲಿ ಅಲ್ಪಸ್ವಲ್ಪ ಅನಿಲ ವಿನಿಮಯವಾಗುವುದುಂಟು; ಆದರೆ ಮುಖ್ಯ ಪ್ರಯೋಜನವೆಂದರೆ ಬಾಯಿಯ ಗಾಳಿ ಸದಾ ಹೊಸತಾಗಿರುವುದು. ಮನೆಯ ಒಳಕೋಣೆಗೆ ಹೋಗುವ ಮುನ್ನ ಪಡಸಾಲೆಯನ್ನು ಗುಡಿಸಿಡುವ ಹಾಗೆ.

ಎರಡನೆಯದು ಆಗೊಮ್ಮೆ ಈಗೊಮ್ಮೆ ಬರುವ ಆಳವಾದ ಮಿಡಿತ. ಅದರೊಡನೆ ಪಕ್ಕೆಯೂ ಒಂದು ಸಲ ಕುಗ್ಗಿ ಉಬ್ಬುತ್ತದೆ. ನಿಜವಾದ ಶ್ವಾಸಕೋಶದ ಉಸಿರು ಇದೇ. ಇದರ ಹೆಜ್ಜೆಗಳ ಕ್ರಮ ಸೊಗಸಾದುದು. ಮೊದಲು ಬಾಯಿಯ ತಳ ಆಳಕ್ಕಿಳಿದು ಹೊಸ ಗಾಳಿಯನ್ನು ಗಂಟಲಿನ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಸೀಳುಕಿಂಡಿ ತೆರೆಯುತ್ತದೆ. ಹಿಗ್ಗಿದ ಶ್ವಾಸಕೋಶಗಳು ತಮ್ಮ ಬಿಗಿಗೆ ತಾವೇ ಕುಗ್ಗಿ, ಹಳೆಯ ಗಾಳಿಯನ್ನು ಹೊರದಬ್ಬುತ್ತವೆ. ಆ ಹಳೆಯ ಗಾಳಿ ಬಾಯಿಯ ಮೇಲ್ಭಾಗವನ್ನು ಸವರಿಕೊಂಡು ಹೊಳ್ಳೆಗಳಿಂದ ಹೊರಗೆ ಹೋಗುತ್ತದೆ. ಕೆಳಗೆ ಚೀಲದಲ್ಲಿ ಕಾದಿರುವ ಹೊಸ ಗಾಳಿಯೊಂದಿಗೆ ಅಷ್ಟಿಷ್ಟು ಬೆರೆತರೂ ಪೂರ್ತಿ ಬೆರೆಯುವುದಿಲ್ಲ. ಈಗ ಹೊಳ್ಳೆಗಳು ಮುಚ್ಚುತ್ತವೆ. ಬಾಯಿಯ ತಳ ಮೇಲೇರುತ್ತದೆ. ಹೋಗಲು ಬೇರೆ ದಾರಿಯಿಲ್ಲದ ಹೊಸ ಗಾಳಿ ಶ್ವಾಸಕೋಶದೊಳಕ್ಕೆ ಹೋಗುತ್ತದೆ, ಸೀಳುಕಿಂಡಿ ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ನಾವು ಮೊದಲು ಉಸಿರು ಬಿಟ್ಟು ಆಮೇಲೆ ಎಳೆದುಕೊಳ್ಳುತ್ತೇವೆ. ಕಪ್ಪೆಯಾದರೋ ಹೊಸ ಗಾಳಿಯನ್ನು ಬಾಯಲ್ಲಿ ಇಟ್ಟುಕೊಂಡೇ ಹಳೆಯದನ್ನು ಹೊರಗೆ ಬಿಡುತ್ತದೆ. ಅಮೆರಿಕದ ಗೂಳಿಗಪ್ಪೆಯ ಮೇಲೆ ಕಾರ್ಲ್ ಗ್ಯಾನ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು 1969ರಲ್ಲಿ ಪ್ರಕಟವಾದಾಗಲೇ ಈ ಕ್ರಮ ಸ್ಪಷ್ಟವಾದದ್ದು. ಬಾಯಿ ತೆರೆದಿದ್ದರೆ ಈ ತಿದಿ ಕೆಲಸ ಮಾಡಲಾರದು. ನಾವು ದಣಿದಾಗ ಬಾಯಿಬಿಟ್ಟು ಉಸಿರಾಡುತ್ತೇವೆ. ಕಪ್ಪೆ ಬಾಯಿ ಮುಚ್ಚಿದಾಗ ಮಾತ್ರ ಶ್ವಾಸಕೋಶವನ್ನು ತುಂಬಿಕೊಳ್ಳಬಲ್ಲದು.

ಇಷ್ಟು ಶ್ರಮಪಟ್ಟು ತುಂಬಿಕೊಳ್ಳುವ ಆ ಶ್ವಾಸಕೋಶವಾದರೂ ಎಂಥದು? ತೆಳ್ಳನೆಯ ಎರಡು ಚೀಲಗಳು. ಒಳಗೋಡೆಯಲ್ಲಿ ಜೇನುಹುಟ್ಟಿನ ಹಾಗೆ ಗಿಡ್ಡ ಗಿಡ್ಡ ಅಡ್ಡಗೋಡೆಗಳು, ನಡುವೆ ಬಯಲು. ನಮ್ಮ ಶ್ವಾಸಕೋಶದಂತೆ ಕೊಂಬೆ, ರೆಂಬೆ, ಕೋಟಿಗಟ್ಟಲೆ ಗುಳ್ಳೆಗಳಿಲ್ಲ. ಈ ಸರಳತೆಯೇ ಒಮ್ಮೆ ವಿಜ್ಞಾನಕ್ಕೆ ವರವಾಯಿತು: ಇಟಲಿಯ ಮಾಲ್ಪಿಗಿ 1661ರಲ್ಲಿ ಅಪಧಮನಿಗೂ ಅಭಿಧಮನಿಗೂ ಸೇತುವೆಯಾದ ಲೋಮನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕಪ್ಪೆಯ ಪಾರದರ್ಶಕವಾದ ಶ್ವಾಸಕೋಶದಲ್ಲಿ. ಆದರೆ ಕಪ್ಪೆಯ ಮಟ್ಟಿಗೆ ಆ ಚೀಲಗಳ ಒಳಮೈ ಸಾಲದು. ಸಾಲದ ಭಾಗವನ್ನು ಚರ್ಮ ತುಂಬಿಕೊಡುತ್ತದೆ. ಹೃದಯದಿಂದ ಹೊರಡುವ ಒಂದು ದೊಡ್ಡ ರಕ್ತನಾಳವನ್ನು ಹಿಂಬಾಲಿಸಿದರೆ ಅದು ಮುಂದೆ ಕವಲೊಡೆದು ಒಂದು ಕವಲು ಶ್ವಾಸಕೋಶಕ್ಕೂ ಇನ್ನೊಂದು ಚರ್ಮಕ್ಕೂ ಹೋಗುವುದು ಕಾಣುತ್ತದೆ. ಕಪ್ಪೆಯ ಶರೀರ ತನ್ನ ಚರ್ಮವನ್ನು ಇನ್ನೊಂದು ಶ್ವಾಸಕೋಶವೆಂದೇ ಎಣಿಸಿದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಈ ಎರಡರ ನಡುವೆ ಕೆಲಸ ಹಂಚಿಕೆಯಾಗಿರುವುದು ಹೇಗೆ? ಕಪ್ಪೆಯನ್ನು ತಕ್ಕಡಿಯಲ್ಲಿ ತೂಗುವುದು ಆಗದ ಮಾತೆಂದು ನಮ್ಮಲ್ಲಿ ಗಾದೆಯೇ ಇದೆ. ಡೆನ್ಮಾರ್ಕಿನ ಆಗಸ್ಟ್ ಕ್ರೋ ಕಪ್ಪೆಯ ಉಸಿರನ್ನೇ ಅಳೆದರು. ಶ್ವಾಸಕೋಶದ ಗಾಳಿಯನ್ನೂ ಚರ್ಮವನ್ನು ಸುತ್ತುವರಿದ ಗಾಳಿಯನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡು, ಎರಡರಲ್ಲೂ ಆದ ಬದಲಾವಣೆಯನ್ನು ಪರೀಕ್ಷಿಸಿ 1904ರಲ್ಲಿ ಪ್ರಕಟಿಸಿದರು. ಒಟ್ಟು ಸಾರ ಇದು: ಆಮ್ಲಜನಕ ಹೆಚ್ಚಾಗಿ ಶ್ವಾಸಕೋಶದಿಂದ ಒಳಬರುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಚರ್ಮದಿಂದ ಹೊರಹೋಗುತ್ತದೆ. ಬರುವ ಬಾಗಿಲು ಒಂದು, ಹೋಗುವ ಬಾಗಿಲು ಇನ್ನೊಂದು.

ಇದಕ್ಕೆ ಕಾರಣ ನೀರಿನಲ್ಲಿದೆ. ಒದ್ದೆಯಾದ ಜೀವಪದರವೊಂದನ್ನು ದಾಟಲು ಅನಿಲ ಮೊದಲು ಅದರ ತೇವದಲ್ಲಿ ಕರಗಬೇಕು. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಆಮ್ಲಜನಕ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಒಂದೇ ಪದರದ ಮೂಲಕ ಮೊದಲನೆಯದು ಎರಡನೆಯದಕ್ಕಿಂತ ಸುಮಾರು 20 ಪಟ್ಟು ಸರಾಗವಾಗಿ ಹರಿಯುತ್ತದೆ. ಚರ್ಮದ ಕೆಳಗಿನ ರಕ್ತದಿಂದ ಅದು ಯಾವ ಪ್ರಯತ್ನವೂ ಇಲ್ಲದೆ, ಹಗಲೂ ರಾತ್ರಿ, ಹೊರಗಿನ ಗಾಳಿಗೆ ಜಾರುತ್ತಲೇ ಇರುತ್ತದೆ. ಆಮ್ಲಜನಕವೂ ಚರ್ಮದ ಮೂಲಕ ಬರುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ: ಚರ್ಮದ ವಿಸ್ತಾರ ಇದ್ದಷ್ಟೇ. ಬೇಕೆಂದಾಗ ಹೆಚ್ಚಿಸಲು ಅಲ್ಲಿ ತಿದಿಯಿಲ್ಲ.

ಈ ಮಿತಿಯ ಪರಿಣಾಮ ಋತುವಿನೊಂದಿಗೆ ಬದಲಾಗುತ್ತದೆ. ಯೂರೋಪಿನ ಕಂದುಗಪ್ಪೆಗಳಲ್ಲಿ ವರ್ಷವಿಡೀ ಅಳತೆಮಾಡಿ ನೋಡಿದವರು ಚರ್ಮದಿಂದ ಬರುವ ಆಮ್ಲಜನಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆಂದೂ, ಶ್ವಾಸಕೋಶದ ಪಾಲು ಮಾತ್ರ ಏರಿಳಿಯುತ್ತದೆಂದೂ ಕಂಡುಕೊಂಡರು. ಚಳಿಗಾಲದಲ್ಲಿ ಶರೀರದ ಬೇಡಿಕೆ ಎಷ್ಟು ಇಳಿಯುತ್ತದೆಂದರೆ, ಆ ಕಪ್ಪೆಗಳು ಕೊಳದ ತಳದಲ್ಲಿ ಶ್ವಾಸಕೋಶವನ್ನು ಬಳಸದೆ ಚರ್ಮವೊಂದರಿಂದಲೇ ತಿಂಗಳುಗಟ್ಟಲೆ ಬದುಕುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಆಮ್ಲಜನಕದ ಅಗತ್ಯ ಸುಮಾರು ಇಮ್ಮಡಿಯಾಗುತ್ತದೆ. ಚರ್ಮ ಇಮ್ಮಡಿ ಕೊಡಲಾರದು, ಉಳಿದುದನ್ನು ಗಂಟಲಿನ ತಿದಿ ಪೂರೈಸಬೇಕು. ಹೊರಗೆ 42 ಡಿಗ್ರಿ ಸುಡುತ್ತಿದ್ದ ಆ ಮೇ ತಿಂಗಳಲ್ಲಿ ನಮ್ಮ ಬಚ್ಚಲಿನ ಕಪ್ಪೆಯ ಗಂಟಲು ಅಷ್ಟು ಬಿರುಸಾಗಿ ಬಡಿದುಕೊಳ್ಳುತ್ತಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ.

ಚರ್ಮ ಏಕೆ ಒದ್ದೆಯಾಗಿರಬೇಕೆಂಬುದು ಈಗ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಅನಿಲವನ್ನು ಒಳಗೆ ಬಿಡುವಷ್ಟು ತೆಳುವಾದ, ತೇವವಾದ ಪದರ ನೀರನ್ನೂ ಹೊರಗೆ ಬಿಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಚರ್ಮ ಕಪ್ಪೆಗೆ ದಕ್ಕಿಲ್ಲ. ಸಾಮಾನ್ಯ ನೆಲಗಪ್ಪೆಯ ಮೈಯಿಂದ ನೀರು ಆವಿಯಾಗುವ ವೇಗ, ಅಷ್ಟೇ ಅಗಲದ ತೆರೆದ ನೀರಿನಿಂದ ಆವಿಯಾಗುವ ವೇಗಕ್ಕೆ ಹತ್ತಿರವಾದದ್ದು. ಚರ್ಮದ ಗ್ರಂಥಿಗಳು ಸುರಿಸುವ ಲೋಳೆ ಈ ಆವಿಯನ್ನು ನಿಲ್ಲಿಸುವುದಿಲ್ಲ. ಹೊರಪದರ ಒಣಗಿ ಬಿರುಸಾಗದಂತೆ ಅದನ್ನು ನೆನೆಸಿಡುತ್ತದೆ, ಅಷ್ಟೇ. ಲೆಕ್ಕಕ್ಕಾಗಿ 20 ಗ್ರಾಂ ತೂಕದ ಒಂದು ಕಪ್ಪೆ ಬೀಸುವ ಒಣಗಾಳಿಗೆ ಸಿಕ್ಕಿ ಗಂಟೆಗೆ ಒಂದು ಗ್ರಾಂ ನೀರು ಕಳೆದುಕೊಳ್ಳುತ್ತದೆ ಎನ್ನೋಣ. ಬಹಳಷ್ಟು ಕಪ್ಪೆಗಳು ತಮ್ಮ ತೂಕದ ಮೂರನೆಯ ಒಂದು ಪಾಲಿನಷ್ಟು ನೀರು ಹೋದರೆ ಉಳಿಯುವುದು ಕಷ್ಟ. ಹಾಗಾದರೆ ಬೆಳಗಿನ ತಿಂಡಿಯ ಹೊತ್ತಿಗೆ ಬಿಸಿಲ ವರಾಂಡದಲ್ಲಿ ಸಿಕ್ಕಿಬಿದ್ದ ಕಪ್ಪೆಗೆ ಮಧ್ಯಾಹ್ನ ಮೂರರವರೆಗೆ ಆಯುಸ್ಸು. ಅದು ಸಾಯುವುದು ಬರಿಯ ಬಾಯಾರಿಕೆಯಿಂದಲ್ಲ. ನೀರು ಇಳಿದಂತೆ ರಕ್ತ ಗಟ್ಟಿಯಾಗುತ್ತದೆ, ಹೃದಯಕ್ಕೆ ಅದನ್ನು ದೂಡುವುದು ಭಾರವಾಗುತ್ತದೆ; ಒಣಗಿದ ಚರ್ಮ ಉಸಿರಿನ ಬಾಗಿಲಾಗಿ ಉಳಿಯುವುದಿಲ್ಲ. ಬಾಯಾರಿಕೆ, ಉಸಿರುಗಟ್ಟುವುದು ಎರಡೂ ಅಲ್ಲಿ ಒಂದೇ ರೋಗ.

ನೋಡಿ ತಿಳಿಯಬಹುದಾದ ಗುರುತುಗಳಿವೆ. ಮೈಯ ಹೊಳಪು ಮಾಸಿ ಅಂಟಂಟಾಗುತ್ತದೆ. ಪಕ್ಕೆಯ ಚರ್ಮ ಸುಕ್ಕುಗಟ್ಟುತ್ತದೆ. ಮುಟ್ಟಿದರೂ ನೆಗೆಯುವುದಿಲ್ಲ, ಕೊನೆಗೆ ಅಂಗಾತವಾದರೆ ಮಗುಚಿಕೊಳ್ಳಲು ಆಗುವುದಿಲ್ಲ. ಆ ಸ್ಥಿತಿಯಲ್ಲಿ ಬಾಯಿಗೆ ನೀರು ಹನಿಸುವುದು ವ್ಯರ್ಥ, ಏಕೆಂದರೆ ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ, ತೊಡೆಗಳ ಸಂದಿಯ ಬಳಿ, ರಕ್ತನಾಳಗಳು ದಟ್ಟವಾಗಿರುವ ತೆಳುಚರ್ಮದ ತಾಣವೊಂದಿದೆ. ಒದ್ದೆ ನೆಲಕ್ಕೆ ಅದನ್ನು ಒತ್ತಿ ಕುಳಿತರೆ ನೀರು ಒಳಗೆ ಹೋಗುತ್ತದೆ. ಆದ್ದರಿಂದ ತಟ್ಟೆಯಲ್ಲಿ ಅರ್ಧ ಬೆರಳಿನಷ್ಟು ನೀರು, ನೆರಳು, ನಿಶ್ಶಬ್ದ ಇಷ್ಟೇ ಚಿಕಿತ್ಸೆ. ನಲ್ಲಿಯ ನೀರಾದರೆ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಕ್ಲೋರಿನ್ ಹೋದಮೇಲೆ ಹಾಕುವುದು ಲೇಸು. ಮುಟ್ಟಲೇಬೇಕಾದರೆ ಸೋಪಿನ ಸೋಂಕಿಲ್ಲದ ಒದ್ದೆ ಕೈಯಲ್ಲಿ.

ಮರಗಪ್ಪೆಗಳಿಗೆ ನೆಲದ ತೇವ ಸದಾ ಸಿಗುವುದಿಲ್ಲವಾದ್ದರಿಂದ ಅವು ಕೆಲವು ಉಪಾಯಗಳನ್ನು ಕಂಡುಕೊಂಡಿವೆ. ನಮ್ಮ ಅತಿಥಿ ಹಗಲೆಲ್ಲ ಕೈಕಾಲುಗಳನ್ನು ಮೈಯಡಿಗೆ ಮಡಚಿ, ಹೊಟ್ಟೆಯನ್ನು ಗೋಡೆಗೆ ಒತ್ತಿ, ಒಂದು ಮುದ್ದೆಯಂತೆ ಕುಳಿತಿರುತ್ತಿತ್ತು. ಗಾಳಿಗೆ ತೆರೆದ ಮೈ ಎಷ್ಟು ಕಡಿಮೆಯೋ ಅಷ್ಟು ನೀರು ಉಳಿತಾಯ. ಇದಕ್ಕಿಂತ ಕುತೂಹಲದ್ದು ಅದರ ಸವರಾಟ. ಒಂದು ಸಂಜೆ ಅದು ಮುಂಗಾಲಿನಿಂದ ತಲೆಯನ್ನೂ ಹಿಂಗಾಲಿನಿಂದ ಬೆನ್ನನ್ನೂ ಪಕ್ಕೆಯನ್ನೂ ಸಾವಧಾನವಾಗಿ ಸವರಿಕೊಳ್ಳುವುದನ್ನು ಕಂಡೆ, ಎಣ್ಣೆ ಹಚ್ಚಿಕೊಳ್ಳುವವರ ಹಾಗೆ. ಇದೇ ಜಾತಿಯ ಭಾರತೀಯ ಕಪ್ಪೆಗಳ ಈ ವರ್ತನೆಯ ಮೇಲೆ 1997ರಲ್ಲಿ ಅಧ್ಯಯನವೊಂದು ಪ್ರಕಟವಾಗಿದೆ. ಚರ್ಮದ ಗ್ರಂಥಿಗಳ ಸ್ರಾವವನ್ನು ಮೈಮೇಲೆಲ್ಲ ಹರಡಿಕೊಂಡು ಆವಿಯಾಗುವ ನೀರನ್ನು ತಕ್ಕಮಟ್ಟಿಗೆ ತಗ್ಗಿಸಿಕೊಳ್ಳುವ ಕ್ರಮವಿದು. ತಕ್ಕಮಟ್ಟಿಗೆ ಮಾತ್ರ, ನಷ್ಟ ಪೂರ್ತಿ ನಿಲ್ಲುವುದಿಲ್ಲ.

ಮೇ ಎರಡನೆಯ ವಾರದಲ್ಲಿ ಈ ಓದೆಲ್ಲ ಮನೆಯ ಪ್ರಶ್ನೆಯಾಗಿ ಎದುರು ನಿಂತಿತು. ವಾರಕ್ಕೆರಡು ಸಲ ಬಚ್ಚಲಿಗೆ ಫಿನಾಯಿಲ್ ಸುರಿದು ಉಜ್ಜುವುದು ನಮ್ಮ ಮನೆಯ ಪದ್ಧತಿ. ಅನಿಲಕ್ಕೂ ನೀರಿಗೂ ಬಾಗಿಲು ತೆರೆದಿರುವ ಚರ್ಮ ಫಿನಾಯಿಲಿಗೆ ಮಾತ್ರ ಮುಚ್ಚಿಕೊಳ್ಳಲಾರದು. ಒದ್ದೆ ನೆಲಕ್ಕೆ ಹೊಟ್ಟೆಯೊತ್ತಿ ನೀರು ಹೀರುವ ಪ್ರಾಣಿ ಆ ನೆಲದಲ್ಲಿರುವುದನ್ನೆಲ್ಲ ಹೀರುತ್ತದೆ. ಕಪ್ಪೆಯನ್ನು ಹಿಡಿದು ಹೊರಗೆ ಬಿಡೋಣವೆಂದರೆ ಹೊರಗೆ ಕಾದ ಸಿಮೆಂಟಿನ ಅಂಗಳ, ಬತ್ತಿದ ಚರಂಡಿ. ಹೆಂಡತಿಯ ಆತಂಕ ಸುಳ್ಳಲ್ಲ: ರೋಗಿಯಿರುವ ಮನೆಯಲ್ಲಿ ಬಚ್ಚಲು ಶುಚಿಯಾಗಿರಬೇಕು. ತೀರ್ಮಾನ ಕೊಟ್ಟವರು ತಂದೆಯೇ. ಫಿನಾಯಿಲಿನ ಘಾಟಿಗೆ ತಮಗೂ ಎದೆ ಬಿಗಿಯುತ್ತದೆಂದು ಅವರು ಅಲ್ಲಿಯವರೆಗೆ ಹೇಳಿರಲಿಲ್ಲ. ಸೊಸೆಗೆ ತೊಂದರೆಯಾದೀತೆಂಬ ಸಂಕೋಚ. ಈಗ ಕಪ್ಪೆಯ ನೆವದಲ್ಲಿ ಹೇಳಿದರು.

"ಅದಕ್ಕ ಆಗಂಗಿಲ್ಲ, ನನಗೂ ಆಗಂಗಿಲ್ಲವಾ. ಬಿಸಿನೀರ ಹಾಕಿ ತಿಕ್ಕಿದ್ರ ಸಾಕು."

ಅಂದಿನಿಂದ ಬಿಸಿನೀರು, ಪೊರಕೆ. ಕಪ್ಪೆ ಕೂರುವ ಮೂಲೆಗೆ ಬಿಸಿನೀರು ತಾಗದಂತೆ ನೋಡಿಕೊಳ್ಳುವ ಹೊಣೆ ಮಗಳದು.

ತಂದೆಯವರ ಯಂತ್ರದ ಮುಂಭಾಗದಲ್ಲಿ ಒಂದು ಚಿಕ್ಕ ನೀರಿನ ಸೀಸೆಯಿದೆ. ಆಮ್ಲಜನಕ ಅದರೊಳಗಿಂದ ಗುಳ್ಳೆಗುಳ್ಳೆಯಾಗಿ ಹಾದು ತೇವಗೊಂಡು ನಳಿಗೆಗೆ ಹೋಗುತ್ತದೆ. ದಿನವೂ ಬೆಳಿಗ್ಗೆ ಹಳೆಯ ನೀರು ಚೆಲ್ಲಿ, ತೊಳೆದು, ಡಿಸ್ಟಿಲ್ಡ್ ವಾಟರ್ ತುಂಬುವುದು ನನ್ನ ಕೆಲಸ. ಒಣ ಗಾಳಿ ಸತತವಾಗಿ ಹೋದರೆ ಮೂಗು ಗಂಟಲು ಒಣಗಿ ಬಿರಿಯುತ್ತವೆ, ಕಫ ಗಟ್ಟಿಯಾಗುತ್ತದೆ. ಎರಡು ವರ್ಷ ಈ ಸೀಸೆಯನ್ನು ತುಂಬಿದ್ದರೂ ಅದರ ಅರ್ಥ ನನಗೆ ಪೂರ್ತಿ ತೆರೆದುಕೊಂಡದ್ದು ಕಪ್ಪೆಯ ಬಗ್ಗೆ ಓದುವಾಗ. ನಮ್ಮ ಶ್ವಾಸಕೋಶದ ಗುಳ್ಳೆಗಳ ಒಳಮೈಯೂ ಒಂದು ತೆಳು ನೀರಿನ ಪದರದಿಂದ ಸದಾ ಒದ್ದೆಯಾಗಿರುತ್ತದೆ. ಆಮ್ಲಜನಕ ಅದರಲ್ಲಿ ಕರಗಿಯೇ ರಕ್ತಕ್ಕೆ ಸೇರಬೇಕು. ಉಸಿರಾಡುವ ಮೈ ಒದ್ದೆಯಾಗಿರಬೇಕೆಂಬ ನಿಯಮ ಕಪ್ಪೆಗೂ ನಮಗೂ ಒಂದೇ. ನಾವು ಆ ಒದ್ದೆಯನ್ನು ಎದೆಯ ಆಳದಲ್ಲಿ ಬಚ್ಚಿಟ್ಟು, ಅದಕ್ಕೆ ತಲುಪುವ ಗಾಳಿಯನ್ನು ಮೂಗಿನಲ್ಲೇ ತೇವಗೊಳಿಸಿ ಕಳಿಸುತ್ತೇವೆ. ಕಪ್ಪೆ ಅದನ್ನು ಮೈಮೇಲೆ ಹೊತ್ತು ತಿರುಗುತ್ತದೆ. ನೀರಿನ ಸುಂಕ ನಮಗೂ ತಪ್ಪಿದ್ದಲ್ಲ: ದೆಹಲಿಯಲ್ಲಿದ್ದಾಗ ಜನವರಿಯ ಮುಂಜಾನೆಗಳಲ್ಲಿ ಬಾಯಿಂದ ಹೊಗೆಯಂತೆ ಹೊರಡುತ್ತಿದ್ದುದು ಆ ಸುಂಕವೇ.

ನಮ್ಮ ಮನೆಗೆಲಸಕ್ಕೆ ಬರುವ ಹಿರಿಯ ಹೆಂಗಸು ಮಹಬೂಬ್‌ನಗರದ ಕಡೆಯವರು. ಕಪ್ಪೆಗಾಗಿ ಫಿನಾಯಿಲ್ ನಿಂತಿತೆಂದು ಕೇಳಿ ಅವರು ನಗಲಿಲ್ಲ. ಅವರ ಊರಿನಲ್ಲಿ ಮಳೆ ತಡವಾದಾಗ ಕಪ್ಪತಲ್ಲಿಯ ಆಚರಣೆಯಿದೆ: ಕಪ್ಪೆಯೊಂದನ್ನು ಬೇವಿನ ಸೊಪ್ಪಿನ ಜೊತೆ ಬಟ್ಟೆಯಲ್ಲಿಟ್ಟು ಒನಕೆಗೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊತ್ತು ಹಾಡುತ್ತ ಮನೆಮನೆಗೂ ಹೋಗುತ್ತಾರೆ, ಪ್ರತಿ ಮನೆಯ ಹೆಂಗಸರೂ ಬಿಂದಿಗೆಯಿಂದ ಅದರ ಮೇಲೆ ನೀರು ಸುರಿಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕಪ್ಪೆಗೆ ಮದುವೆ ಮಾಡುವ ಹಾಗೆಯೇ ಇದೂ. ಬಿಸಿಲಲ್ಲಿ ಊರೆಲ್ಲ ಸುತ್ತಿದರೆ ಕಪ್ಪೆ ಸಾಯುವುದಿಲ್ಲವೇ ಎಂದು ಕೇಳಿದೆ.

"ಯಾಕೆ ಸಾಯುತ್ತೆ ಸಾರ್, ಮನೆಮನೆಗೂ ನೀರು ಬೀಳುತ್ತಲ್ಲ. ನೀರು ಹಾಕದ ಮನೆಯೇ ಇರಲ್ಲ. ಕೊನೆಗೆ ಕುಂಟೆಯಲ್ಲಿ ಬಿಟ್ಟು ಬರ್ತೀವಿ."

ಒದ್ದೆ ಬಟ್ಟೆ, ಬೇವಿನ ನೆರಳು, ನಾಲ್ಕು ಹೆಜ್ಜೆಗೊಂದು ಬಿಂದಿಗೆ ನೀರು. ಬರಗಾಲದ ಊರಿನಲ್ಲಿ, ಮನುಷ್ಯರಿಗೇ ನೀರು ಸಾಲದ ದಿನಗಳಲ್ಲಿ, ಒಂದು ಕಪ್ಪೆಯ ಚರ್ಮ ಒಣಗದ ಹಾಗೆ ಊರಿಗೆ ಊರೇ ನೋಡಿಕೊಳ್ಳುತ್ತದೆ. ಮಳೆ ಅದರಿಂದ ಬರುತ್ತದೆಂದು ನಾನು ನಂಬುವುದಿಲ್ಲ. ಆದರೆ ಆ ಕಪ್ಪೆ ಸಂಜೆಯವರೆಗೂ ಉಸಿರಾಡುವುದು ಆ ಬಿಂದಿಗೆಗಳಿಂದಲೇ.